ಮಳೆಗಾಲ ತಡೆಯುವ ಬಣ್ಣಕ್ಕೊಂದು ಘೋಷವಾಕ್ಯ

ಹೊರಗೋಡೆಯ ಬಣ್ಣದ ಘೋಷವಾಕ್ಯ ಎಂದರೆ ಡಬ್ಬದ ಮೇಲೆ, ಅಂಗಡಿಯ ಶಟರ್ ಮೇಲೆ, ಬಸ್ಸಿನ ಹಿಂಭಾಗದಲ್ಲಿ, ಟಿವಿ ಜಾಹೀರಾತಿನ ಕೊನೆಯ ಮೂರು ಸೆಕೆಂಡಿನಲ್ಲಿ ಬಂದು ಹೋಗುವ ನಾಲ್ಕೈದು ಪದಗಳು. ಜಾಹೀರಾತಿನ ಉಳಿದ ಭಾಗ ಮರೆತುಹೋದರೂ ಈ ಪದಗಳು ಉಳಿಯಬೇಕು ಎಂಬುದು ಕಂಪನಿಯ ಆಸೆ. ಮನೆಯ ಯಜಮಾನ ಅಂಗಡಿಯ ಕೌಂಟರಿನ ಮುಂದೆ ನಿಂತಾಗ ನೆನಪಿಗೆ ಬರುವುದೂ ಇವೇ. ಸೋಪು, ಬಿಸ್ಕತ್ತಿನ ಘೋಷವಾಕ್ಯ ಸುಳ್ಳಾದರೆ ಮುಂದಿನ ತಿಂಗಳು ಬೇರೆಯದನ್ನು ಕೊಳ್ಳಬಹುದು. ಹೊರಗೋಡೆಯ ಬಣ್ಣದ ಮಾತು ಹಾಗಲ್ಲ. ಒಮ್ಮೆ ಬಳಿದರೆ ಐದಾರು ವರ್ಷ ಅದನ್ನೇ ನೋಡುತ್ತಿರಬೇಕು. ಸಾರುವೆ ಕಟ್ಟುವುದಕ್ಕೆ, ಗೋಡೆ ಕೆರೆಯುವುದಕ್ಕೆ, ಪೇಂಟರ್ ಕೂಲಿಗೆ ಆಗುವ ಖರ್ಚು ಎಷ್ಟೋ ಸಲ ಬಣ್ಣದ ಬೆಲೆಯನ್ನೂ ಮೀರುತ್ತದೆ. ಆದ್ದರಿಂದ ಈ ಸರಕಿನ ಘೋಷವಾಕ್ಯವನ್ನು ಕೊಳ್ಳುವವರು ಬರೀ ಅಲಂಕಾರದ ಮಾತಾಗಿ ಕೇಳಿಸಿಕೊಳ್ಳುವುದಿಲ್ಲ, ಕೊಟ್ಟ ಮಾತು ಎಂದೇ ಕೇಳಿಸಿಕೊಳ್ಳುತ್ತಾರೆ.

‘ಎಂಥ ಮಳೆಗೂ ಬಣ್ಣ ಉಳಿಯುತ್ತದೆ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಕೇಳಲು ಒಂದೇ ಭರವಸೆ. ಬಿಡಿಸಿದರೆ ಅದರೊಳಗೆ ಕನಿಷ್ಠ ಮೂರು ಭರವಸೆಗಳಿವೆ. ಒಂದು, ಶೇಡ್ ಮಾಸುವುದಿಲ್ಲ. ಎರಡು, ಬಣ್ಣದ ಪದರ ಗೋಡೆ ಬಿಟ್ಟು ಏಳುವುದಿಲ್ಲ. ಮೂರು, ಬಣ್ಣದ ಮೇಲೆ ಪಾಚಿ ಕಟ್ಟುವುದಿಲ್ಲ. ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ, ಬಾಳಿಕೆ ಬೇರೆ. ಒಳ್ಳೆಯ ಘೋಷವಾಕ್ಯ ಬರೆಯಬೇಕಾದವರು ಮೊದಲು ಈ ಮೂರರಲ್ಲಿ ಯಾವುದರ ಬಗ್ಗೆ ಮಾತು ಕೊಡುತ್ತಿದ್ದೇವೆ ಎಂಬುದನ್ನು ನಿರ್ಧರಿಸಬೇಕು. ಬಹುಪಾಲು ಘೋಷವಾಕ್ಯಗಳು ಎಡವುವುದು ಇಲ್ಲಿಯೇ.

ಶೇಡ್ ಮಾಸುವುದಕ್ಕೆ ಮಳೆ ಮುಖ್ಯ ಕಾರಣವೇ ಅಲ್ಲ. ಬಣ್ಣ ಮಾಸುವುದು ಬಿಸಿಲಿಗೆ. ಹೊರಗೋಡೆಗೆ ಬಳಿಯುವ ಎಮಲ್ಷನ್‌ನಲ್ಲಿ ಮುಖ್ಯವಾಗಿ ನಾಲ್ಕು ವಸ್ತುಗಳಿರುತ್ತವೆ: ಬಣ್ಣ ಕೊಡುವ ಪುಡಿ, ಆ ಪುಡಿಯನ್ನು ಗೋಡೆಗೆ ಹಿಡಿದಿಡುವ ಅಕ್ರಿಲಿಕ್ ಅಂಟು, ಸುಣ್ಣಕಲ್ಲಿನ ಪುಡಿಯಂಥ ತುಂಬುವಸ್ತು ಮತ್ತು ನೀರು. ಬಿಸಿಲಿನ ನೇರಳಾತೀತ ಕಿರಣ ಬಣ್ಣದ ಪುಡಿಯನ್ನೂ ಒಡೆಯುತ್ತದೆ, ಅಂಟನ್ನೂ ಒಡೆಯುತ್ತದೆ. ಕಾವಿ ಕೆಂಪು, ಮಣ್ಣಿನ ಹಳದಿ, ಕಂದು ಇವು ಕಬ್ಬಿಣದ ಆಕ್ಸೈಡಿನಿಂದ ಬರುವ ಬಣ್ಣಗಳು. ಬಿಸಿಲಿಗೆ ಅವು ಜಗ್ಗುವುದಿಲ್ಲ. ಹೊಳೆಯುವ ನಿಂಬೆ ಹಳದಿ, ಕಿತ್ತಳೆ, ಗುಲಾಬಿ, ನೇರಳೆ ಮುಂತಾದವು ಹೆಚ್ಚಾಗಿ ಸಾವಯವ ಪುಡಿಗಳಿಂದ ಬರುತ್ತವೆ. ಅವುಗಳಲ್ಲಿ ಹಲವು ಎರಡು ಮೂರು ಬೇಸಿಗೆಯಲ್ಲೇ ಪೇಲವವಾಗುತ್ತವೆ. ಹೀಗಾಗಿ ಒಂದೇ ಡಬ್ಬದ ಹೆಸರು, ಒಂದೇ ಘೋಷವಾಕ್ಯದ ಕೆಳಗೆ ಒಬ್ಬರ ಮನೆಯ ಕಾವಿ ಬಣ್ಣ ಹತ್ತು ವರ್ಷ ನಿಂತರೆ, ಪಕ್ಕದವರ ಮನೆಯ ಗುಲಾಬಿ ಮೂರನೇ ವರ್ಷಕ್ಕೆ ಬಿಳಿಚಿಕೊಳ್ಳಬಹುದು. ಇದರಲ್ಲಿ ಮಳೆಯ ಪಾತ್ರ ಸಣ್ಣದು. ಬಿಸಿಲಿಗೆ ಅಂಟು ಸವೆದು ಮೇಲ್ಮೈಯಲ್ಲಿ ಪುಡಿ ಬಿಟ್ಟಿದ್ದರೆ, ಆ ಪುಡಿಯನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಜೂನ್‌ನಲ್ಲಿ ಗೋಡೆ ನೋಡಿ, ಅಕ್ಟೋಬರ್‌ನಲ್ಲಿ ಮತ್ತೆ ನೋಡಿದವರಿಗೆ ಮಳೆಯೇ ಬಣ್ಣ ತೆಗೆದಂತೆ ಕಾಣುತ್ತದೆ. ಅಪರಾಧ ಏಪ್ರಿಲ್‌ನ ಬಿಸಿಲಿನದು, ಹೆಸರು ಕೆಡುವುದು ಮಳೆಯದು.

ಮಳೆ ನಿಜವಾಗಿ ಮಾಡುವುದು ಉಳಿದೆರಡನ್ನು. ಬಣ್ಣ ಏಳುವುದು ನೀರು ಪದರದ ಹಿಂದಕ್ಕೆ ಹೋದಾಗ. ಗಾರೆಯಲ್ಲಿ ಕೂದಲೆಳೆಯ ಬಿರುಕಿದ್ದರೆ, ಪ್ಯಾರಾಪೆಟ್‌ನ ತಲೆ ತೆರೆದಿದ್ದರೆ, ಕಿಟಕಿಯ ಚೌಕಟ್ಟು ಗೋಡೆಗೆ ಕೂಡುವಲ್ಲಿ ಸಂದು ಬಿಟ್ಟಿದ್ದರೆ ಗಾಳಿಯ ಜೊತೆ ಬರುವ ಮಳೆ ಅಲ್ಲಿಂದ ಒಳಗೆ ಇಳಿಯುತ್ತದೆ. ಒಳಗಿನ ತೇವ ಬಿಸಿಲು ಬಂದಾಗ ಆವಿಯಾಗಿ ಹೊರಗೆ ಬರಲು ಹವಣಿಸುತ್ತದೆ, ಬರುವಾಗ ಗಾರೆಯಲ್ಲಿರುವ ಉಪ್ಪನ್ನೂ ಹೊತ್ತು ತರುತ್ತದೆ. ಆ ಉಪ್ಪು ಬಣ್ಣದ ಬೆನ್ನಿಗೆ ಹರಳುಗಟ್ಟಿ ಪದರವನ್ನು ತಳ್ಳುತ್ತದೆ. ಮೊದಲು ಗುಳ್ಳೆ, ಆಮೇಲೆ ಸಿಪ್ಪೆ. ಹೊಸ ಗಾರೆಯಾದರೆ ಇನ್ನೊಂದು ತೊಡಕು. ಸಿಮೆಂಟ್ ಗಾರೆ ಹಸಿಯಿರುವಾಗ ಅದರ ಕ್ಷಾರ ತೀರಾ ಹೆಚ್ಚಿರುತ್ತದೆ, ಪಿಎಚ್ ಮಾಪನದಲ್ಲಿ 12ರ ಮೇಲೆ. ಆ ಕ್ಷಾರ ಅಂಟನ್ನೂ ಕೆಲವು ಬಣ್ಣಗಳನ್ನೂ ತಿನ್ನುತ್ತದೆ. ಗಾರೆ ಮಾಡಿದ ಮೇಲೆ ಕನಿಷ್ಠ 28 ದಿನ ಬಿಟ್ಟು ಬಳಿಯಿರಿ ಎನ್ನುವುದು ಇದಕ್ಕೇ. ಮಳೆಗಾಲದಲ್ಲಿ ಮಾಡಿದ ಗಾರೆಗೆ ಅದೂ ಸಾಲದು.

ಪಾಚಿಯ ಕಥೆ ಬೇರೆ. ಕರಾವಳಿ, ಮಲೆನಾಡಿನ ಗೋಡೆಗಳ ಮೇಲೆ ಕಾಣುವ ಕಪ್ಪು ಪಟ್ಟೆಗಳು ಬರೀ ಧೂಳಲ್ಲ, ನೀಲಿ-ಹಸಿರು ಸೂಕ್ಷ್ಮಜೀವಿಗಳು ಮತ್ತು ಬೂಸ್ಟು ಸೇರಿ ಕಟ್ಟಿದ ಪದರ. ಕೆಲವು ಗೋಡೆಗಳ ಮೇಲೆ ಇಟ್ಟಿಗೆ ಕೆಂಪಿನ, ಕಿತ್ತಳೆಯ ಕಲೆ ಹರಡಿರುತ್ತದೆ. ಕಬ್ಬಿಣ ತುಕ್ಕು ಹಿಡಿದು ಇಳಿದಿದೆ ಎಂದು ಹಲವರು ತಿಳಿಯುತ್ತಾರೆ. ಅದು ಟ್ರೆಂಟಿಪೋಲಿಯಾ ಎಂಬ ಪಾಚಿ. ಜಾತಿಯಲ್ಲಿ ಹಸಿರು ಪಾಚಿಯೇ, ಆದರೆ ಮೈಯಲ್ಲಿ ಕ್ಯಾರೆಟ್ಟಿನಲ್ಲಿರುವಂಥ ಕೆಂಪು ವರ್ಣದ್ರವ್ಯ ತುಂಬಿಕೊಂಡಿರುವುದರಿಂದ ಕೆಂಪಾಗಿ ಕಾಣುತ್ತದೆ. ಇವುಗಳನ್ನು ತಡೆಯಲು ಕಂಪನಿಗಳು ಬಣ್ಣಕ್ಕೆ ಪಾಚಿನಾಶಕ ಸೇರಿಸುತ್ತವೆ. ಸ್ವಾರಸ್ಯ ಇರುವುದು ಇಲ್ಲಿ: ಪಾಚಿನಾಶಕ ಕೆಲಸ ಮಾಡಬೇಕಾದರೆ ಪದರದಿಂದ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಕರಗಿ ಮೇಲ್ಮೈಗೆ ಬರಬೇಕು. ಕರಗದಿದ್ದರೆ ಪ್ರಯೋಜನವಿಲ್ಲ, ಕರಗಿದರೆ ಮುಗಿಯುತ್ತಾ ಹೋಗುತ್ತದೆ. ಮಳೆ ಹೆಚ್ಚಿದ್ದಷ್ಟೂ ಬೇಗ ಮುಗಿಯುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ 1,000 ಮಿಲಿಮೀಟರ್ ಆಸುಪಾಸಿನ ಮಳೆ, ಮಂಗಳೂರಿನಲ್ಲಿ 3,500ಕ್ಕೂ ಹೆಚ್ಚು, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ 7,000 ದಾಟುತ್ತದೆ. ಒಂದೇ ಡಬ್ಬದ ಪಾಚಿನಾಶಕ ಈ ಮೂರು ಊರುಗಳಲ್ಲಿ ಒಂದೇ ಕಾಲ ಬಾಳುವುದು ಸಾಧ್ಯವಿಲ್ಲ. ಮಳೆಗಾಲದ ಬಣ್ಣ ಕೊಡಬಹುದಾದ ಭರವಸೆಗಳಲ್ಲಿ ಪಾಚಿಯ ಭರವಸೆಯೇ ಉಳಿಸಿಕೊಳ್ಳಲು ಅತಿ ಕಷ್ಟದ್ದು.

ಇಷ್ಟೆಲ್ಲ ತಲೆನೋವು ಬೇಡವೆಂದು ಹಲವು ಬಣ್ಣದ ಕಂಪನಿಗಳು ಸರಕಿನ ಗುಣದ ಮಾತನ್ನೇ ಬಿಟ್ಟುಬಿಡುತ್ತವೆ. 2000ದ ದಶಕದ ಆರಂಭದಲ್ಲಿ ಒಗಿಲ್ವಿ ಸಂಸ್ಥೆಯ ಪೀಯೂಷ್ ಪಾಂಡೆ ಏಷ್ಯನ್ ಪೇಂಟ್ಸ್‌ಗೆ ಕೊಟ್ಟ ‘ಹರ್ ಘರ್ ಕುಛ್ ಕಹತಾ ಹೈ’ ಎಂಬ ಸಾಲು ಹಾಗೆ ಹುಟ್ಟಿದ್ದು. ಪ್ರತಿ ಮನೆಯೂ ಏನೋ ಹೇಳುತ್ತದೆ ಎನ್ನುವ ಈ ಮಾತಿನಲ್ಲಿ ಬಣ್ಣವೂ ಇಲ್ಲ, ಮಳೆಯೂ ಇಲ್ಲ. ಆದ್ದರಿಂದ ಯಾವ ಮಳೆಗೂ ಅದು ಸುಳ್ಳಾಗುವಂತಿಲ್ಲ. ಅದೇ ಕಂಪನಿಗೆ 1954ರಲ್ಲಿ ಮೈಸೂರಿನವರಾದ ಆರ್.ಕೆ. ಲಕ್ಷ್ಮಣ್ ಗಟ್ಟು ಎಂಬ ತುಂಟ ಹುಡುಗನನ್ನು ಬರೆದುಕೊಟ್ಟಿದ್ದರು. ಬಣ್ಣದ ಡಬ್ಬ, ಬ್ರಷ್ ಹಿಡಿದ ಆ ಹುಡುಗ ಓದು ಬಾರದವರಿಗೂ ಡಬ್ಬವನ್ನು ಗುರುತು ಹಿಡಿಸಿದ. ಟ್ರಾಕ್ಟರ್ ಡಿಸ್ಟೆಂಪರ್‌ಗೆ ಇದ್ದ ‘ಡೋಂಟ್ ಲೂಸ್ ಯುವರ್ ಟೆಂಪರ್, ಯೂಸ್ ಟ್ರಾಕ್ಟರ್ ಡಿಸ್ಟೆಂಪರ್’ ಎಂಬ ಸಾಲು ಇಂಗ್ಲಿಷ್ ಪ್ರಾಸದ ಬಲದ ಮೇಲೆ ನಿಂತದ್ದು. ಕನ್ನಡಕ್ಕೆ ತಂದರೆ ‘ಸಿಟ್ಟಾಗಬೇಡಿ’ ಎಂಬ ಬುದ್ಧಿಮಾತು ಮಾತ್ರ ಉಳಿಯುತ್ತದೆ. ಮೂರನೆಯ ದಾರಿ ಬ್ರಿಟನ್ನಿನ ರೋನ್‌ಸೀಲ್ ಕಂಪನಿಯದು. ಮರಕ್ಕೆ ಬಳಿಯುವ ದ್ರಾವಣಕ್ಕೆ 1994ರಲ್ಲಿ ಅದು ಆರಿಸಿಕೊಂಡ ಘೋಷವಾಕ್ಯದ ತಾತ್ಪರ್ಯ ‘ಡಬ್ಬದ ಮೇಲೆ ಏನು ಬರೆದಿದೆಯೋ ಅದನ್ನೇ ಮಾಡುತ್ತದೆ’ ಎಂದು. ಅಲಂಕಾರವಿಲ್ಲದ ಈ ಮಾತು ಅಲ್ಲಿನ ದಿನಬಳಕೆಯ ನುಡಿಗಟ್ಟೇ ಆಗಿಬಿಟ್ಟಿತು. ಮಳೆಗಾಲದ ಬಣ್ಣಕ್ಕೆ ಭಾವುಕ ಸಾಲಿಗಿಂತ ಈ ಮೂರನೆಯ ಜಾತಿಯೇ ಹೊಂದುತ್ತದೆ, ಏಕೆಂದರೆ ಜನ ಈ ಬಣ್ಣ ಕೊಳ್ಳುವುದು ಒಂದು ನಿರ್ದಿಷ್ಟ ತೊಂದರೆಗೆ ಹೆದರಿ.

ಕರಾವಳಿ ಮತ್ತು ಮಲೆನಾಡಿನ ಮನೆಯವರಿಗಾಗಿ ಒಂದು ಬಣ್ಣಕ್ಕೆ ಕನ್ನಡದಲ್ಲೇ ಘೋಷವಾಕ್ಯ ಕಟ್ಟಬೇಕಾಗಿದೆ ಎಂದಿಟ್ಟುಕೊಳ್ಳೋಣ. ಪದರ ಏಳುವುದಿಲ್ಲವೆಂದು ಕಂಪನಿ 7 ವರ್ಷದ ವಾರಂಟಿ ಕೊಡಲು ಸಿದ್ಧವಿದೆ. ಮೊದಲು ಹೊಳೆಯುವುದು ‘ಮಳೆಗೆ ಮಾಸದ ಬಣ್ಣ’. ಮೂರೇ ಪದ, ಎರಡು ಪದಗಳ ಮೊದಲಲ್ಲಿ ಮಕಾರ, ಬಾಯಿಗೆ ಹಗುರ. ಆದರೆ ಮಾಸುವುದು ಬಿಸಿಲಿಗೆ ಎಂದಾದ ಮೇಲೆ ಮಳೆಗೆ ಮಾಸುವುದಿಲ್ಲ ಎನ್ನುವುದು ಇಲ್ಲದ ಕಾಯಿಲೆಗೆ ಮದ್ದು ಮಾರಿದಂತೆ. ಮೂರು ವರ್ಷದ ಮೇಲೆ ಗೋಡೆ ಪೇಲವವಾದಾಗ ಮಳೆಗೋ ಬಿಸಿಲಿಗೋ ಎಂದು ಯಾರೂ ವಾದಿಸುತ್ತ ಕೂರುವುದಿಲ್ಲ, ಕಂಪನಿ ಸುಳ್ಳು ಹೇಳಿತು ಎನ್ನುತ್ತಾರೆ. ಕಾಲದ ಮಿತಿಯೂ ಇಲ್ಲ. ‘ಮಾಸದ’ ಎಂದರೆ ಎಂದೆಂದಿಗೂ ಮಾಸದ.

ಎರಡನೆಯದು ‘ಎಷ್ಟೇ ಮಳೆ ಬರಲಿ, ಬಣ್ಣ ಹಾಗೇ ಇರಲಿ’. ಹಾಡಿನ ಸಾಲಿನಂತಿದೆ, ರೇಡಿಯೊಗೆ ಚೆನ್ನ. ಇದರ ಚಾಲಾಕಿತನ ಇರುವುದು ಕೊನೆಯ ‘ಇರಲಿ’ಯಲ್ಲಿ. ‘ಇರುತ್ತದೆ’ ಎಂದರೆ ಭರವಸೆ, ‘ಇರಲಿ’ ಎಂದರೆ ಹಾರೈಕೆ. ಕೇಳುವವರ ಕಿವಿಗೆ ಭರವಸೆಯಾಗಿಯೇ ಬೀಳುತ್ತದೆ, ಪ್ರಶ್ನೆ ಎದ್ದಾಗ ಕಂಪನಿ ಹಾರೈಕೆಯ ಮರೆಗೆ ಸರಿಯಬಹುದು. ಇಂಥ ಜಾಣ್ಮೆ ಹಿಂದಿಯಿಂದ ಅನುವಾದವಾಗಿ ಬರುವ ಸಾಲುಗಳಲ್ಲೂ ಕಾಣಸಿಗುತ್ತದೆ. ಮನೆ ಬಣ್ಣದಂಥ ದೊಡ್ಡ ಖರ್ಚಿನ ವಿಷಯದಲ್ಲಿ ಅದು ಅಷ್ಟೇನೂ ಗೌರವದ ದಾರಿಯಲ್ಲ.

ಮೂರನೆಯದು ನಕ್ಷತ್ರದ ಹೆಸರು ಹಿಡಿದದ್ದು: ‘ಆರಿದ್ರೆಗೂ ಆರದ ಬಣ್ಣ’. ಹಳ್ಳಿಯಲ್ಲಿ ಮಳೆಗಳಿಗೆ ನಕ್ಷತ್ರದ ಹೆಸರು ಇರುವುದರಿಂದ ಆರಿದ್ರೆ ಎಂದ ಕೂಡಲೇ ಜೂನ್ ಕೊನೆಯ ಜಡಿಮಳೆ ಕಣ್ಣಿಗೆ ಬರುತ್ತದೆ. ಸದ್ದೂ ಸೊಗಸು. ದೀಪ ಆರುತ್ತದೆ ಎಂಬ ಅರ್ಥದಲ್ಲಿ ಬರೆದವರು ‘ಆರದ’ ಎಂದಿದ್ದಾರೆ. ಆದರೆ ಪೇಂಟರ್ ಬಾಯಲ್ಲಿ ಆರುವುದು ಎಂದರೆ ಒಣಗುವುದು. ಬಣ್ಣದ ಅಂಗಡಿಯಲ್ಲಿ ‘ಆರದ ಬಣ್ಣ’ ಎಂದರೆ ಬಳಿದು ವಾರವಾದರೂ ಕೈಗೆ ಅಂಟುವ ಬಣ್ಣ. ಈ ಸಾಲು ಮುದ್ರಣಕ್ಕೆ ಹೋಗಿದ್ದರೆ ಪೇಂಟರ್‌ಗಳಿಗೆ ಒಂದು ವರ್ಷಕ್ಕೆ ಸಾಕಾಗುವಷ್ಟು ನಗುವಿನ ಸರಕು ಸಿಗುತ್ತಿತ್ತು. ಘೋಷವಾಕ್ಯವನ್ನು ಬರೆದವರಷ್ಟೇ ಓದದೆ ಬಳಿಯುವವರ ಮುಂದೆಯೂ ಒಮ್ಮೆ ಓದಬೇಕೆನ್ನುವುದು ಇದಕ್ಕೆ.

ಅದೇ ಪೇಂಟರ್ ಬಾಯಿಯಿಂದಲೇ ಒಳ್ಳೆಯ ಪದವೂ ಸಿಗುತ್ತದೆ. ಪದರ ಗೋಡೆ ಬಿಟ್ಟದ್ದನ್ನು ಅವರು ‘ಬಣ್ಣ ಎದ್ದಿದೆ’ ಎನ್ನುತ್ತಾರೆ. ಮನೆಯವರೂ ಹಾಗೇ ಹೇಳುತ್ತಾರೆ. ಏಳುವುದು ಎಂಬ ಕ್ರಿಯೆಯೂ ಏಳು ಎಂಬ ಎಣಿಕೆಯೂ ಕನ್ನಡದಲ್ಲಿ ಒಂದೇ ಸದ್ದು, ವಾರಂಟಿಯೂ ಏಳು ವರ್ಷದ್ದು. ಇಲ್ಲಿಂದ ‘ಏಳು ಮಳೆಗೂ ಏಳದ ಬಣ್ಣ’ ಎಂಬ ಸಾಲು ತಾನಾಗಿ ಬರುತ್ತದೆ. ಮಳೆ ನಿಜವಾಗಿ ಮಾಡುವ ಕೇಡನ್ನೇ ಹೆಸರಿಸುತ್ತದೆ, ಮಾಸುವುದರ ಬಗ್ಗೆ ಬಾಯಿ ಬಿಡುವುದಿಲ್ಲ, ಪಾಚಿಯ ಬಗ್ಗೆಯೂ ಇಲ್ಲ, ಕಾಲದ ಮಿತಿ ಹೇಳುತ್ತದೆ. ಒಂದು ಬಿರುಕು ಮಾತ್ರ ಉಳಿದಿದೆ. ನಕ್ಷತ್ರದ ಲೆಕ್ಕ ಬಲ್ಲವರಿಗೆ ‘ಮಳೆ’ ಎಂದರೆ ಹದಿಮೂರು ಹದಿನಾಲ್ಕು ದಿನದ ಒಂದು ನಕ್ಷತ್ರ. ಜೂನ್ ಎರಡನೇ ವಾರದ ಮೃಗಶಿರದಿಂದ ಎಣಿಸಿದರೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ ಎಂದು ಸೆಪ್ಟೆಂಬರ್ ನಡುವಿಗೆ ಏಳು ಮಳೆ ಮುಗಿದೇಹೋಗುತ್ತದೆ. ಅಂದರೆ ಏಳು ವರ್ಷದ ಭರವಸೆ ಒಬ್ಬ ಅಡಿಕೆ ಬೆಳೆಗಾರನ ಕಿವಿಗೆ ಒಂದೇ ಮಳೆಗಾಲದ ಭರವಸೆಯಾಗಿ ಕೇಳಬಹುದು. ಆದ್ದರಿಂದ ಸಾಲು ಸ್ವಲ್ಪ ಉದ್ದವಾದರೂ ಸರಿ, ‘ಏಳು ಮಳೆಗಾಲಕ್ಕೂ ಏಳದ ಬಣ್ಣ’ ಎಂದೇ ಇರಬೇಕು.

ವರ್ಷ ಎನ್ನುವ ಬದಲು ಮಳೆಗಾಲ ಎಂದು ಎಣಿಸುವುದರಿಂದ ಲೆಕ್ಕವೇನೂ ತಪ್ಪುವುದಿಲ್ಲ. 2026ರ ಜನವರಿಯಲ್ಲಿ ಬಳಿದ ಮನೆಗೆ ವಾರಂಟಿ 2033ರ ಜನವರಿಗೆ ಮುಗಿಯುತ್ತದೆ. 2026ರಿಂದ 2032ರವರೆಗೆ ಮಳೆಗಾಲ ಏಳು. ಅಕ್ಟೋಬರ್‌ನಲ್ಲಿ ಬಳಿದರೆ ಮುಂದಿನ ವರ್ಷದಿಂದ ಎಣಿಸಿದರೂ ಏಳೇ ಬರುತ್ತದೆ. ಮನೆಯವರ ನೆನಪಿನಲ್ಲಿ ಉಳಿಯುವುದೂ ಇಂತಿಷ್ಟು ತಿಂಗಳು ಎಂದಲ್ಲ, ಬಣ್ಣ ಬಳಿಸಿದ ಮೇಲೆ ಎಷ್ಟು ಮಳೆಗಾಲ ಕಳೆಯಿತು ಎಂದೇ.

ಎಣಿಕೆ ಹೇಳಿದ ಕೂಡಲೇ ಸಾಲು ಕಾನೂನಿನ ಎದುರು ಬಂದು ನಿಲ್ಲುತ್ತದೆ. ಜಾಹೀರಾತಿನಲ್ಲಿ ಎರಡು ಬಗೆಯ ಮಾತಿದೆ. ‘ಮನೆಗೆ ಹಬ್ಬ ತರುವ ಬಣ್ಣ’ ಎಂಬುದನ್ನು ಅಳೆಯಲು ಬರುವುದಿಲ್ಲ, ಅದನ್ನು ಯಾರೂ ಅಕ್ಷರಶಃ ನಂಬುವುದಿಲ್ಲ. ಏಳು ಮಳೆಗಾಲಕ್ಕೆ ಏಳುವುದಿಲ್ಲ ಎಂಬುದನ್ನು ಅಳೆಯಬಹುದು, ನಂಬಿ ಹಣವನ್ನೂ ಕೊಡಬಹುದು. ಆದ್ದರಿಂದ ಅದಕ್ಕೆ ಆಧಾರ ಇರಬೇಕು. 1985ರಲ್ಲಿ ಸ್ಥಾಪನೆಯಾದ ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿ ಇಂಥ ಮಾತುಗಳಿಗೆ ಕಂಪನಿಯಿಂದ ಆಧಾರ ಕೇಳುತ್ತದೆ. ಅದು ಉದ್ಯಮದವರೇ ಕಟ್ಟಿಕೊಂಡ ಸಂಸ್ಥೆ. ಸರ್ಕಾರದ ಕಡೆಯಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ದಾರಿ ತಪ್ಪಿಸುವ ಜಾಹೀರಾತನ್ನು ನಿಲ್ಲಿಸುವ ಅಧಿಕಾರವಿದೆ. ಮೊದಲ ಸಲಕ್ಕೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

ಘೋಷವಾಕ್ಯದ ತಲೆಯ ಮೇಲೆ ಕೂರುವ ಪುಟ್ಟ ನಕ್ಷತ್ರ ಚಿಹ್ನೆಯ ಬಗ್ಗೆಯೂ ನಿಯಮವಿದೆ. ‘ಷರತ್ತುಗಳು ಅನ್ವಯ’ ಎಂದು ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆಯುವುದು ಹಳೆಯ ಚಾಳಿ. 2022ರಲ್ಲಿ ಹೊರಬಂದ ಮಾರ್ಗಸೂಚಿಯ ಪ್ರಕಾರ ಷರತ್ತಿನ ಬರಹ ಘೋಷಣೆ ಇರುವ ಭಾಷೆಯಲ್ಲೇ ಇರಬೇಕು. ಕನ್ನಡದಲ್ಲಿ ಭರವಸೆ ಕೊಟ್ಟು ಇಂಗ್ಲಿಷಿನಲ್ಲಿ ಷರತ್ತು ಹಾಕುವಂತಿಲ್ಲ. ಷರತ್ತು ಮೇಲಿನ ಮಾತನ್ನು ವಿವರಿಸಬಹುದು, ಅದನ್ನು ಸುಳ್ಳು ಮಾಡುವಂತಿಲ್ಲ. ‘ಎಂದೂ ಮಾಸದು’ ಎಂದು ಮೇಲೆ ಬರೆದು, ಕೆಲವು ಶೇಡ್‌ಗಳಿಗೆ ಅನ್ವಯಿಸದು ಎಂದು ಕೆಳಗೆ ಬರೆದರೆ ಮೇಲಿನ ಮಾತೇ ಬಿದ್ದುಹೋಗುತ್ತದೆ. ಮಾಸುವುದರ ಮಾತನ್ನೇ ಎತ್ತದ ‘ಏಳದ ಬಣ್ಣ’ಕ್ಕೆ ಈ ತೊಡಕಿಲ್ಲ.

ಆದರೂ ಷರತ್ತು ಇದ್ದೇ ಇರುತ್ತದೆ, ಇರಬೇಕಾದದ್ದೂ ಹೌದು. ಬಣ್ಣದ ಕಂಪನಿ ಮಾರುವುದು ಅರ್ಧ ಸಿದ್ಧವಾದ ಸರಕು. ಅದು ಪೂರ್ತಿಯಾಗುವುದು ಗೋಡೆಯ ಮೇಲೆ, ಬೇರೆಯವರ ಕೈಯಲ್ಲಿ. ಸಾಮಾನ್ಯವಾಗಿ ವಾರಂಟಿ ಕಾಗದದಲ್ಲಿ ಇರುವ ಮಾತುಗಳು ಹೀಗೆ: ಕಂಪನಿ ಹೇಳಿದ ಪ್ರೈಮರ್ ಬಳಸಿರಬೇಕು, ಹೇಳಿದಷ್ಟು ಕೋಟ್ ಹೊಡೆದಿರಬೇಕು, ಗೋಡೆ ಒಣಗಿರಬೇಕು, ನೀರು ಸೋರುವ ಬಿರುಕುಗಳನ್ನು ಮೊದಲೇ ಮುಚ್ಚಿರಬೇಕು, ಬಿಲ್ ಇರಬೇಕು. ಪರಿಹಾರವೆಂದರೆ ಹೆಚ್ಚಾಗಿ ಹಾಳಾದ ಜಾಗಕ್ಕೆ ಬೇಕಾಗುವ ಬಣ್ಣ ಮಾತ್ರ. ಸಾರುವೆ, ಕೂಲಿ ಮನೆಯವರದ್ದೇ. ಘೋಷವಾಕ್ಯ ಈ ಕೊನೆಯ ಸಂಗತಿಯನ್ನು ಎಂದೂ ಹೇಳುವುದಿಲ್ಲ. ಹಾಗಾಗಿ ಡಬ್ಬ ಕೊಳ್ಳುವ ಮುಂಚೆಯೇ ವಾರಂಟಿ ಕಾಗದ ಕೇಳಿ ಓದುವುದು ಮೇಲು.

ಷರತ್ತುಗಳಲ್ಲಿ ಹೆಚ್ಚು ಮುರಿಯುವುದು ಬಣ್ಣದ ಪ್ರಮಾಣದ್ದು. ಒಂದು ಲೆಕ್ಕ ನೋಡಬಹುದು. ಕಿಟಕಿ ಬಾಗಿಲು ಕಳೆದು 2,200 ಚದರ ಅಡಿ ಹೊರಗೋಡೆ ಇರುವ ಮನೆ. ಎರಡು ಕೋಟ್‌ಗೆ ಲೀಟರಿಗೆ 55 ಚದರ ಅಡಿ ಎಂದು ಡಬ್ಬದ ಮೇಲಿದ್ದರೆ 40 ಲೀಟರ್ ಬೇಕು, ಅಂದರೆ 20 ಲೀಟರಿನ ಎರಡು ಬಕೆಟ್. ಈ ಲೆಕ್ಕದಲ್ಲಿ ಗೋಡೆಯ ಮೇಲೆ ಬೀಳುವ ಹಸಿ ಬಣ್ಣದ ದಪ್ಪ ಎರಡೂ ಕೋಟ್ ಸೇರಿ ಸುಮಾರು 196 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಬಣ್ಣದ 40% ಭಾಗ ಘನವಸ್ತು ಎಂದುಕೊಂಡರೆ, ನೀರು ಆರಿದ ಮೇಲೆ ಉಳಿಯುವುದು 78 ಮೈಕ್ರಾನ್, ಬರೆಯುವ ಹಾಳೆಗಿಂತಲೂ ತೆಳು. ಆಗುಂಬೆಯ ಮಳೆಯನ್ನು ತಡೆಯಬೇಕಾದದ್ದು ಅಷ್ಟೇ. ಈಗ ಗುತ್ತಿಗೆದಾರ ಉಳಿತಾಯ ಮಾಡಲು 30 ಲೀಟರ್ ತಂದು, ಜಾಸ್ತಿ ನೀರು ಬೆರೆಸಿ ಅದೇ ಮನೆಗೆ ಬಳಿದ ಎಂದಿಟ್ಟುಕೊಳ್ಳಿ. ಗೋಡೆ ಮುಚ್ಚಿದೆ, ಶೇಡ್ ಸರಿಯಾಗಿದೆ, ಎರಡು ಕೋಟ್ ಆಗಿದ್ದನ್ನು ಮನೆಯವರು ಕಣ್ಣಾರೆ ಕಂಡಿದ್ದಾರೆ. ಆದರೆ ಬೆರೆಸಿದ ನೀರೆಲ್ಲ ಆರಿಹೋಗಿ ಉಳಿದದ್ದು 59 ಮೈಕ್ರಾನ್, ನಾಲ್ಕರಲ್ಲಿ ಒಂದು ಪಾಲು ಕಡಿಮೆ. ಪಾಚಿನಾಶಕವೂ ಅಷ್ಟೇ ಕಡಿಮೆ. ಇದು ಬಳಿದ ದಿನ ಗೊತ್ತಾಗುವುದಿಲ್ಲ, ಮೂರನೆಯ ಮಳೆಗಾಲಕ್ಕೆ ಗೊತ್ತಾಗುತ್ತದೆ. ಇದನ್ನು ಹಿಡಿಯಲು ಉಪಕರಣವೇನೂ ಬೇಡ. ಕೆಲಸ ಮುಗಿದ ದಿನ ಖಾಲಿ ಬಕೆಟ್‌ಗಳನ್ನು ಎಣಿಸಿದರೆ ಸಾಕು.

ಬಳಿಯುವ ಕಾಲದ ಷರತ್ತೂ ಹೀಗೇ ಮುರಿಯುತ್ತದೆ. ದಸರೆ ದೀಪಾವಳಿಗೆ ಮನೆ ಹೊಸದಾಗಿ ಕಾಣಬೇಕು ಎಂಬ ಆಸೆಯಿಂದ ಮಲೆನಾಡಿನಲ್ಲೂ ಅಕ್ಟೋಬರ್‌ನಲ್ಲೇ ಬ್ರಷ್ ಎತ್ತುತ್ತಾರೆ. ಮೇಲ್ನೋಟಕ್ಕೆ ಗೋಡೆ ಒಣಗಿರುತ್ತದೆ, ಒಳಗೆ ನಾಲ್ಕು ತಿಂಗಳ ನೀರು ಇರುತ್ತದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪ್‌ನಿಂದ ಗೋಡೆಗೆ ಬಿಗಿಯಾಗಿ ಅಂಟಿಸಿ ಒಂದು ಹಗಲು ರಾತ್ರಿ ಬಿಡಬೇಕು. ಮರುದಿನ ಹಾಳೆಯ ಒಳಬದಿಯಲ್ಲಿ ನೀರ ಹನಿ ಕಂಡರೆ ಗೋಡೆ ಇನ್ನೂ ಹಸಿ. ಅಂಥ ಗೋಡೆಗೆ ಎಷ್ಟು ದುಬಾರಿ ಬಣ್ಣ ಬಳಿದರೂ ಒಳಗಿನ ನೀರು ಅದನ್ನು ತಳ್ಳಿಯೇ ತಳ್ಳುತ್ತದೆ. ಬಳಿದ ಒಂದೆರಡು ದಿನದಲ್ಲೇ ಹನಿ ಮಳೆ ಬಿದ್ದರೆ ಕಡು ಬಣ್ಣದ ಗೋಡೆಯ ಮೇಲೆ ಬಸವನಹುಳು ಹರಿದಂಥ ಬಿಳಿ ಅಂಟು ಗೆರೆಗಳು ಮೂಡುವುದುಂಟು. ಪದರ ಇನ್ನೂ ಕೂಡಿಕೊಳ್ಳುವ ಮೊದಲೇ ಅದರೊಳಗಿನ ಸಾಬೂನಿನಂಥ ಅಂಶ ಹೊರಗೆ ಬಂದಿರುತ್ತದೆ. ಗಾಬರಿ ಪಡಬೇಕಿಲ್ಲ, ಹೆಚ್ಚಾಗಿ ಅದು ನೀರಿನಲ್ಲಿ ತೊಳೆದರೆ ಹೋಗುತ್ತದೆ.

ಬಣ್ಣ ಎದ್ದ ಮೇಲೆ ತಪ್ಪು ಯಾರದೆಂದು ಎದ್ದ ಸಿಪ್ಪೆಯೇ ಹೇಳುತ್ತದೆ. ಒಂದು ಚೂರನ್ನು ತೆಗೆದು ಬೆನ್ನು ನೋಡಬೇಕು. ಬೆನ್ನಿಗೆ ಮರಳು, ಗಾರೆಯ ಪುಡಿ ಅಂಟಿದ್ದರೆ ಬಣ್ಣ ಹಿಡಿದಿತ್ತು, ಗಾರೆಯೇ ಸೋತಿದೆ. ಬಿಳಿ ಹರಳಿನ ಪುಡಿ ಇದ್ದರೆ ಅದು ಉಪ್ಪು, ಒಳಗಿನಿಂದ ನೀರು ಬರುತ್ತಿದೆ. ಹಳೆಯ ಬಣ್ಣದ ಅಥವಾ ಸುಣ್ಣದ ಪುಡಿ ಇದ್ದರೆ ಗೋಡೆಯನ್ನು ಕೆರೆದು ತೊಳೆಯದೆ ಬಳಿದಿದ್ದಾರೆ, ಅದು ಪೇಂಟರ್ ಲೆಕ್ಕಕ್ಕೆ. ಏಳುವ ಜಾಗವೂ ಸುಳಿವು ಕೊಡುತ್ತದೆ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಮಾತ್ರ ಎದ್ದಿದ್ದರೆ ಅಡಿಪಾಯದಿಂದ ತೇವ ಏರುತ್ತಿದೆ. ಸಜ್ಜಾದ ಕೆಳಗೆ ಮಾತ್ರ ಆಗಿದ್ದರೆ ಅದರ ಕೆಳ ಅಂಚಿನಲ್ಲಿ ನೀರು ತೊಟ್ಟಿಕ್ಕಿ ಬೀಳಲು ಬಿಡಬೇಕಾದ ಗೀರು ಇಲ್ಲ, ನೀರು ಅಂಚು ಹಿಡಿದು ಗೋಡೆಗೆ ಹರಿಯುತ್ತಿದೆ. ಇವು ಯಾವುವೂ ವಾರಂಟಿಯ ಒಳಗೆ ಬರುವುದಿಲ್ಲ. ನಾಲ್ಕೂ ದಿಕ್ಕಿನ ಗೋಡೆಗಳಲ್ಲಿ, ಮೇಲೂ ಕೆಳಗೂ ಒಂದೇ ಸಮನೆ ಎದ್ದಿದ್ದು, ಸಿಪ್ಪೆಯ ಬೆನ್ನು ಸ್ವಚ್ಛವಾಗಿದ್ದರೆ, ಪ್ರೈಮರ್ ಗೋಡೆಗೆ ಗಟ್ಟಿಯಾಗಿಯೇ ಕೂತಿದ್ದರೆ ಆಗ ಘೋಷವಾಕ್ಯದ ಕಡೆ ಬೆರಳು ತೋರಿಸಬಹುದು.

ಆ ಹಂತ ಬಂದರೆ ಬಿಲ್, ಬಣ್ಣದ ಬ್ಯಾಚ್ ಸಂಖ್ಯೆ ಕಾಣುವ ಬಕೆಟ್ ಮುಚ್ಚಳದ ಫೋಟೊ, ಬಳಿದ ತಿಂಗಳು ಇವಿಷ್ಟು ಕೈಯಲ್ಲಿರಬೇಕು. ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಕಂಪನಿ ಸ್ಥಳಕ್ಕೆ ಪರೀಕ್ಷಕರನ್ನು ಕಳಿಸುವುದು ರೂಢಿ, ಅವರು ಬಂದಾಗ ಸಿಪ್ಪೆಯ ಚೂರುಗಳನ್ನು ತೆಗೆದಿಟ್ಟಿದ್ದು ತೋರಿಸಬಹುದು. ಉತ್ತರ ಸರಿ ಎನಿಸದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಆಮೇಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಅಲ್ಲಿ ಜಾಹೀರಾತಿನ ಕತ್ತರಿಕೆಯೂ ಒಂದು ದಾಖಲೆ. ಅದರ ಮೇಲೆ ‘ಏಳು ಮಳೆಗಾಲ’ ಎಂಬಂಥ ಎಣಿಕೆ ಇದ್ದರೆ ಕಂಪನಿ ಉತ್ತರ ಕೊಡಬೇಕಾಗುತ್ತದೆ, ‘ಮನೆಗೆ ಹಬ್ಬ’ ಎಂದಷ್ಟೇ ಇದ್ದರೆ ಕೊಡಬೇಕಾಗಿಲ್ಲ.